ಭಾವೀ ವಿಜ್ಞಾನಿಯ ಇಮೇಲ್

ಅವನ ಹೆಸರು ಬೇಡ. ಹೆಸರು ಹೇಳಿದರೆ ಒಬ್ಬನೇ ಸಿಕ್ಕಿಬೀಳುತ್ತಾನೆ. ಅವನಾದರೋ ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್ ಆಗುವ ಪ್ರತಿ ಬ್ಯಾಚಿನಲ್ಲೂ ಇರುವವನು. ನಾವು ಅವನನ್ನು ಭಾವೀ ವಿಜ್ಞಾನಿ ಅನ್ನುತ್ತೇವೆ. ಕೊರಳಲ್ಲಿ ಸ್ಟೆತ್, ಜೇಬಿನಲ್ಲಿ ಮೂರು ಪೆನ್ನು, ಮೂರೂ ನರ್ಸಮ್ಮನವರ ಮೇಜಿನವು. ಹತ್ತು ತಿಂಗಳು ರಕ್ತ ತೆಗೆದು, ಡ್ರಿಪ್ ಹಾಕಿ, ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡಾಡಿದವನಿಗೆ, ಕೊನೆಯ ಎರಡು ತಿಂಗಳಿರುವಾಗ ಸಂಶೋಧನೆಯ ಹುಕಿ ಬರುತ್ತದೆ. ಕಾರಣವೇನೂ ಗುಟ್ಟಲ್ಲ. ನಮ್ಮಲ್ಲಿ ಪಿಜಿ ಸೀಟು ಸಿಗುವುದು ನೀಟ್ ರ‍್ಯಾಂಕಿನ ಮೇಲೆ. ಪೇಪರ್ ಬರೆದಿದ್ದೀಯಾ ಎಂದು ಕೌನ್ಸೆಲಿಂಗ್‌ನಲ್ಲಿ ಯಾರೂ ವಿಚಾರಿಸುವುದಿಲ್ಲ. ಅಮೆರಿಕಕ್ಕೆ ಅರ್ಜಿ ಹಾಕುವಾಗ ವಿಚಾರಿಸುತ್ತಾರೆ. ಅವನ ಹಾಸ್ಟೆಲ್ ರೂಮ್‌ಮೇಟ್ ಆಗಲೇ ಹಾಕಿದ್ದಾನೆ.

ಈ ಸಲದವನು ನಮ್ಮ ಮೆಡಿಸಿನ್ ವಿಭಾಗದ ಮುಖ್ಯಸ್ಥರಿಗೆ ಮೇಲ್ ಕಳಿಸಿದ. ಹೊತ್ತು ರಾತ್ರಿ ಎರಡೂವರೆ. ‘ರೆಸ್ಪೆಕ್ಟೆಡ್ ಸರ್’ ಎಂದು ಶುರು. ಮುಖ್ಯಸ್ಥರು ಮೇಡಂ, ಹತ್ತು ತಿಂಗಳಲ್ಲಿ ಅವರ ಹಿಂದೆ ರೌಂಡ್ಸ್ ಸುತ್ತಿ ಅವರಿಂದಲೇ ಬೈಸಿಕೊಂಡವನಿಗೆ ಇಷ್ಟು ಗೊತ್ತಿರಬೇಕಿತ್ತು. ಬಹುಶಃ ಅದೇ ಪತ್ರ ಸರ್ಜರಿಯ ಸರ್‌ಗೂ, ಮಕ್ಕಳ ವಿಭಾಗದ ಸರ್‌ಗೂ ಹೋಗಿತ್ತು. ಒಳಗೆ, ತನಗೆ ಬಾಲ್ಯದಿಂದಲೂ ಸಂಶೋಧನೆ ಎಂದರೆ ಪ್ರಾಣ. ತಾವು ಈ ಕ್ಷೇತ್ರದ ದಿಗ್ಗಜರು. ತಮ್ಮ ಮಾರ್ಗದರ್ಶನದಲ್ಲಿ ‘ಯಾವುದಾದರೂ’ ಪ್ರಾಜೆಕ್ಟಿನಲ್ಲಿ ‘ಯಾವ ಕೆಲಸವಾದರೂ’ ಸರಿ. ಜೊತೆಗೆ ಲಗತ್ತು: `CV_final_final2(1).pdf`. ಅದರಲ್ಲಿ ಎಂಟನೇ ತರಗತಿಯ ಚರ್ಚಾಸ್ಪರ್ಧೆಯ ಸಮಾಧಾನಕರ ಬಹುಮಾನವೂ ಇತ್ತು.

ಮೇಡಂ ಓದಿ ನನ್ನ ಕಡೆ ಫೋನ್ ತಿರುಗಿಸಿದರು. “ಇವನ ಬಗ್ಗೆ ಎಲ್ಲ ಗೊತ್ತಾಯ್ತು ಕಣ್ರೀ. ಇವನಿಗೆ ಏನು ಬೇಕು ಅನ್ನೋದೊಂದು ಗೊತ್ತಾಗ್ಲಿಲ್ಲ.”

ಆಗ ವಿಭಾಗದಲ್ಲಿ ನಡೆಯುತ್ತಿದ್ದುದು ಒಂದೇ ಸಣ್ಣ ಪ್ರಾಜೆಕ್ಟು. ದುಡ್ಡಿಲ್ಲ, ಉಪಕರಣವಿಲ್ಲ, ಹಳೆಯ ಕೇಸ್ ಶೀಟ್‌ಗಳನ್ನು ತೆರೆದು ನೋಡುವುದಷ್ಟೆ. ವಿಷಯ, ಹಾವು ಕಡಿತ. ಗುಂಡ್ಲುಪೇಟೆ ಕಡೆಯ ಅರಿಶಿನ, ಚೆಂಡುಹೂವಿನ ಹೊಲಗಳಲ್ಲಿ ಕಾಲಿಡುವವರಿಗೆ ಇದೇನೂ ಹೊಸದಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಸಾರಿದ ಮೇಲೆ ಲೆಕ್ಕವೇನೋ ಮೇಲಕ್ಕೆ ಹೋಗುತ್ತಿದೆ. ಮೇಡಂಗೆ ಬೇಕಾಗಿದ್ದು ಆ ಲೆಕ್ಕವಲ್ಲ. ಕಚ್ಚಿದ್ದು ಎಷ್ಟು ಗಂಟೆಗೆ, ಆಸ್ಪತ್ರೆಗೆ ಬಂದಿದ್ದು ಎಷ್ಟಕ್ಕೆ, ಗಾಜಿನ ಕೊಳವೆಯ ಪರೀಕ್ಷೆ ಮಾಡಿದ್ದು ಯಾವಾಗ, ವಿಷನಿರೋಧಕ ಹಾಕಿದ್ದು ಯಾವಾಗ, ಈ ನಾಲ್ಕು ಹೊತ್ತು ಕೇಸ್ ಶೀಟಿನಲ್ಲಿ ಬರೆದಿದೆಯೋ ಇಲ್ಲವೋ, ಇಷ್ಟೆ.

ಗಾಜಿನ ಕೊಳವೆಯ ಪರೀಕ್ಷೆ ಎಂದರೆ ಹಾವು ಕಡಿತದ ವೈದ್ಯದಲ್ಲಿ ಅತಿ ಅಗ್ಗದ್ದು. ರೋಗಿಯ ರಕ್ತನಾಳದಿಂದ ಆಗಷ್ಟೇ ತೆಗೆದ 2 ಮಿಲಿಲೀಟರ್ ರಕ್ತವನ್ನು ಒಣಗಿದ ಶುದ್ಧ ಗಾಜಿನ ಟ್ಯೂಬಿಗೆ ಬಿಟ್ಟು, 20 ನಿಮಿಷ ಮುಟ್ಟದೆ ನಿಲ್ಲಿಸಿ, ಆಮೇಲೆ ಒಂದೇ ಸಲ ಓರೆ ಮಾಡಿ ನೋಡುವುದು. ರಕ್ತ ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಏರಿದೆ, ಕೊಳಕುಮಂಡಲದಂಥದ್ದು ಕಚ್ಚಿದೆ ಎಂದರ್ಥ. ಇಷ್ಟು ಸಲೀಸಾದ್ದನ್ನೂ ಕೆಡಿಸಬಹುದು. ಪ್ಲಾಸ್ಟಿಕ್ ಟ್ಯೂಬು ತೆಗೆದುಕೊಂಡರೆ, ಇಲ್ಲವೇ ಗಾಜಿನದನ್ನೇ ಸೋಪಿನ ಪುಡಿಯಲ್ಲಿ ತೊಳೆದಿದ್ದರೆ, ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ನಿಂತು, ವಿಷ ಏರದವನಿಗೂ ಔಷಧ ಹಾಕಿಸುತ್ತದೆ. ನಮ್ಮ ಭಾವೀ ವಿಜ್ಞಾನಿಯ ದೋಷ ಬೇರೆ. ಅವನಿಗೆ ಕಾಯುವ ತಾಳ್ಮೆಯಿಲ್ಲ. ಆಯ್ತಾ ಆಯ್ತಾ ಎಂದು ಐದೈದು ನಿಮಿಷಕ್ಕೆ ಟ್ಯೂಬು ಅಲ್ಲಾಡಿಸುತ್ತಾನೆ. ಆಮೇಲೆ ಫಲಿತಾಂಶ ಬರೆಯುತ್ತಾನೆ, ಹೊತ್ತು ಬರೆಯುವುದಿಲ್ಲ.

ಹೀಗಾಗಿ ಕೇಸ್ ಶೀಟ್ ತೆರೆದರೆ ‘ಸಂಜೆ ಏನೋ ಕಚ್ಚಿದೆ’ ಎಂದಿರುತ್ತದೆ. ಸಂಜೆ ಎಂದರೆ ನಾಲ್ಕೋ ಏಳೋ? ನಡುವೆ ನಾಟಿ ಔಷಧಿಯವರ ಮನೆಗೆ ಹೋಗಿ ಬಂದ ಹೊತ್ತು ಯಾರ ಲೆಕ್ಕ? ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿತು ಎಂದಷ್ಟೇ ಬರೆದು ನಿರಾಳವಾಗುವಂತೆಯೂ ಇಲ್ಲ. ಕಟ್ಟುಹಾವಿನ ವಿಷ ಹಿಡಿಯುವುದು ನರಗಳನ್ನು. ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತದೆ. ಕಚ್ಚಿದ ಗುರುತೂ ಕಾಣದೆ, ನೆಲದ ಮೇಲೆ ಮಲಗಿದ್ದವನು ಬೆಳಗ್ಗೆ ಹೊಟ್ಟೆನೋವೆಂದು ಬರುತ್ತಾನೆ. ಸ್ವಲ್ಪ ಹೊತ್ತಿಗೆ ರೆಪ್ಪೆ ಜೋಲುತ್ತದೆ. ಅದನ್ನು ಯಾವ ಟ್ಯೂಬೂ ಹೇಳುವುದಿಲ್ಲ, ರೋಗಿಯ ಮುಖ ನೋಡುತ್ತಿರಬೇಕು.

ಮೇಡಂ ಅವನನ್ನು ಕರೆಸಿದರು.

“ಏನಪ್ಪಾ, ಯಾವ ಪ್ರಾಜೆಕ್ಟು?”

“ಯಾವುದಾದ್ರೂ ಸರಿ ಮೇಡಂ.”

“ಯಾವ ದಿನ ಬರ್ತೀಯ?”

“ಯಾವಾಗ್ಲಾದ್ರೂ ಮೇಡಂ.”

“ಈಗ ಎಲ್ಲಿ ಪೋಸ್ಟಿಂಗು?”

“ಹೆರಿಗೆ ವಾರ್ಡು ಮೇಡಂ.”

ಹೆರಿಗೆ ವಾರ್ಡಿನಲ್ಲಿರುವವನು ಯಾವಾಗಲಾದರೂ ಬರುತ್ತೇನೆ ಅಂದರೆ ಒಂದೋ ಸುಳ್ಳು, ಇಲ್ಲ ಡ್ಯೂಟಿ ತಪ್ಪಿಸುತ್ತಾನೆ. ಮೇಡಂ ಎರಡನ್ನೂ ಹೇಳಲಿಲ್ಲ. “ಪೇಪರಲ್ಲಿ ಹೆಸರು ಬೇಕಾ?” ಎಂದರು. ಅವನ ಮುಖ ಅರಳಿತು. ಪಾಪ, ಅಲ್ಲೇ ಬಾಡಿಸಿದರು: ಹಾಳೆಯಿಂದ ಅಂಕಿ ಎತ್ತಿ ಬರೆದುಕೊಟ್ಟ ಮಾತ್ರಕ್ಕೆ ಲೇಖಕನಾಗುವುದಿಲ್ಲ, ಅದಕ್ಕೆ ಕೊನೆಯಲ್ಲಿ ಕೃತಜ್ಞತೆಯ ಸಾಲಿದೆ. ಲೇಖಕನಾಗಬೇಕಾದರೆ ವಿಶ್ಲೇಷಣೆಯಲ್ಲಿ ಕೂರಬೇಕು, ಕರಡು ಬರೆಯಬೇಕು ಇಲ್ಲವೇ ತಿದ್ದಬೇಕು, ಅಚ್ಚಾದದ್ದಕ್ಕೆ ಜವಾಬು ಹೇಳಬೇಕು. “ಹೋಗು, ವಾರ್ಡಲ್ಲಿ ವಿಚಾರಿಸಿಕೊಂಡು ಇನ್ನೊಂದು ಮೇಲ್ ಹಾಕು.”

ಇದನ್ನು ಕೇಳಿ ಅರ್ಧ ಬ್ಯಾಚು ಅಮೆರಿಕವನ್ನೇ ಬಿಟ್ಟುಬಿಡುತ್ತದೆ. ಇವನು ಬಿಡಲಿಲ್ಲ ಅನ್ನುವುದು ಇವನ ದೊಡ್ಡತನ. ನಮ್ಮ ಪಿಜಿಗಳನ್ನು ಕಾಫಿಗೆ ಕರೆದೊಯ್ದು ಪ್ರಾಜೆಕ್ಟು ಏನೆಂದು ತಿಳಿದುಕೊಂಡ. ಕಾಫಿಯ ದುಡ್ಡು ಪಿಜಿಗಳೇ ಕೊಟ್ಟರಂತೆ. ಎರಡನೆಯ ಮೇಲ್ ಮಧ್ಯಾಹ್ನ ಬಂತು, ಹೆಚ್ಚುಕಡಿಮೆ ಹೀಗೆ:

“ಮೇಡಂ, ಹಾವು ಕಡಿತದ ಕೇಸ್ ಶೀಟ್ ಅಧ್ಯಯನದಲ್ಲಿ ಸೇರಲು ಕೇಳುತ್ತಿದ್ದೇನೆ. ನಾಲ್ಕು ಹೊತ್ತುಗಳನ್ನು ಎಕ್ಸೆಲ್ಲಿಗೆ ಎತ್ತುವ ಕೆಲಸ ಮಾಡಬಲ್ಲೆ. ಅಂಕಿಅಂಶ ಲೆಕ್ಕ ನನಗೆ ಬರುವುದಿಲ್ಲ. ಹೆರಿಗೆ ವಾರ್ಡು ಈ ತಿಂಗಳ ಕೊನೆಗೆ ಮುಗಿಯುತ್ತದೆ, ಆಮೇಲೆ ಮಂಗಳವಾರ, ಶುಕ್ರವಾರ ಮಧ್ಯಾಹ್ನ ಎರಡರಿಂದ ನಾಲ್ಕು ಬಿಡುವು. ಮುಂದಿನ ಯೂನಿಟ್ಟಿನ ಸರ್ ಒಪ್ಪಿದ್ದಾರೆ. ಎಥಿಕ್ಸ್ ಸಮಿತಿಯ ಅನುಮತಿಯಲ್ಲಿ ನನ್ನ ಹೆಸರಿಲ್ಲ, ಸೇರಿಸಲು ಏನು ಕೊಡಬೇಕು ತಿಳಿಸಿ.”

ಲಗತ್ತು ಇರಲಿಲ್ಲ. ದಿಗ್ಗಜರೂ ಇರಲಿಲ್ಲ.

ಮೇಡಂ ಕೊನೆಯ ವಾಕ್ಯವನ್ನು ಎರಡು ಸಲ ಓದಿದರು. ಕೇಸ್ ಶೀಟಿನಲ್ಲಿ ರೋಗಿಯ ಹೆಸರು, ಊರು, ಫೋನ್ ನಂಬರು ಎಲ್ಲ ಇರುತ್ತವೆ. ಹಳೆಯ ದಾಖಲೆ ನೋಡುವುದಕ್ಕೆ ರೋಗಿಗಳ ಒಪ್ಪಿಗೆಯಿಂದ ಸಮಿತಿ ವಿನಾಯಿತಿ ಕೊಡಬಹುದು. ಆದರೆ ಅದು ಕೊಡುವುದು ಯಾರು ನೋಡುತ್ತಾರೆ, ಹೆಸರು ತೆಗೆದು ನಂಬರು ಹೇಗೆ ಹಾಕುತ್ತಾರೆ ಎಂದು ತಿಳಿದುಕೊಂಡ ಮೇಲೆ. ನಮ್ಮ ಪಿಜಿಗಳಿಗೇ ಇದು ನೆನಪಿರುವುದಿಲ್ಲ.

ಅವರ ಉತ್ತರ ಎರಡು ಸಾಲು: “ಸಮಿತಿಗೆ ಪತ್ರ ಹಾಕಿಸುತ್ತೇನೆ, ಬಯೋಡೇಟಾ ಒಂದು ಪುಟದಲ್ಲಿ ಕೊಡು, ಎಂಟನೇ ಕ್ಲಾಸಿನ ಬಹುಮಾನ ಬೇಡ. ಉತ್ತರ ಬರುವವರೆಗೆ ರೆಕಾರ್ಡ್ ರೂಮಿಗೆ ಕಾಲಿಡಬೇಡ.”

ಸಮಿತಿಯ ಸಭೆ ಇನ್ನೂ ಸೇರಿಲ್ಲ. ಅಷ್ಟರಲ್ಲಿ ಅವನು ಎಮರ್ಜೆನ್ಸಿಗೆ ಬಂದ ಹಾವು ಕಡಿತದ ಕೇಸ್ ಶೀಟಿನಲ್ಲಿ ಟ್ಯೂಬು ನಿಲ್ಲಿಸಿದ ಹೊತ್ತು, ಓರೆ ಮಾಡಿದ ಹೊತ್ತು ಎರಡನ್ನೂ ಬರೆದಿದ್ದಾನೆ ಎಂದು ಅಲ್ಲಿನ ನರ್ಸಮ್ಮ ಹೇಳಿದರು. ಪೆನ್ನು ಮಾತ್ರ ಅವರದೇ.