ಹನ್ನೆರಡು ಜೊತೆ ಗ್ಲೌಸ್, ಒಂದು ಕ್ರಾಂತಿ

ಜುಲೈ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಲಗಳಲ್ಲಿ ಹೊಗೆಸೊಪ್ಪು ಕೀಳುವ ಕೆಲಸ ಶುರುವಾಗುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೈಸೂರಿನ ಫ್ಯಾನಿನಡಿ ಗ್ರಾಂಟ್ ಕೀಳುವ ಕೆಲಸವೂ ಶುರುವಾಗುತ್ತದೆ. ಮೊದಲನೆಯ ಕೆಲಸದಲ್ಲಿ ಕೈಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ. ಎರಡನೆಯದರಲ್ಲಿ ಕೈ ಚೊಕ್ಕಟವಾಗಿಯೇ ಇರುತ್ತದೆ, ಪ್ಯಾರಾ ಮಾತ್ರ ಮೆತ್ತಗಾಗುತ್ತದೆ.

ಇಲ್ಲಿಯ ಹೊಗೆಸೊಪ್ಪು ಮಳೆಯಾಶ್ರಿತ ಬೆಳೆ. ಎಲೆ ಬಲಿಯುವುದು ಮುಂಗಾರಿನಲ್ಲಿ. ಬುಡದಿಂದ ಮೇಲಕ್ಕೆ, ಸಲಕ್ಕೆ ಎರಡು ಮೂರು ಎಲೆಯಂತೆ, ವಾರಗಟ್ಟಲೆ ಕೈಯಿಂದಲೇ ಕೀಳಬೇಕು. ಎಲೆಯ ಮೇಲೆ ನಿಂತ ಮಳೆನೀರಿನಲ್ಲೋ ಇಬ್ಬನಿಯಲ್ಲೋ ನಿಕೋಟಿನ್ ಕರಗಿ, ತೊಯ್ದ ಚರ್ಮದ ಮೂಲಕ ಮೈಯೊಳಕ್ಕೆ ಇಳಿಯುತ್ತದೆ. ಬೀಡಿ ಸೇದದ ಹೆಂಗಸಿಗೂ ಸಂಜೆ ಹೊತ್ತಿಗೆ ತಲೆ ಸುತ್ತು, ವಾಕರಿಕೆ, ವಾಂತಿ. ವೈದ್ಯರ ಪುಸ್ತಕದಲ್ಲಿ ಇದಕ್ಕೆ ಗ್ರೀನ್ ಟೊಬ್ಯಾಕೊ ಸಿಕ್‌ನೆಸ್ ಎಂದು ಹೆಸರು. ಹೊಲದಲ್ಲಿ ಇದಕ್ಕೆ ಪಿತ್ತ, ಬಿಸಿಲು, ದೃಷ್ಟಿ, ನಿನ್ನೆ ಹೊಡೆದ ಔಷಧಿ ಎಂದು ಯಾವುದಾದರೂ ಒಂದು ಹೆಸರು.

ಹಾಗಾದರೆ ಗ್ಲೌಸ್ ಹಾಕಿದರೆ ತಡೆಯಬಹುದೇ? ಪ್ರಶ್ನೆ ನೇರವಾಗಿದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಘೋಷ್ ಮತ್ತು ಸಂಗಡಿಗರು 1987ರಲ್ಲೇ ಭಾರತದ ಹೊಗೆಸೊಪ್ಪು ಕಾರ್ಮಿಕರ ರಕ್ಷಣೆಯ ಬಗ್ಗೆ ಒಂದು ಪ್ರಯೋಗ ಪ್ರಕಟಿಸಿದ್ದರು. ಅದು ‘ಪ್ರಾಥಮಿಕ’ ಅಧ್ಯಯನವೆಂದು ಶೀರ್ಷಿಕೆಯಲ್ಲೇ ಹೇಳಿಕೊಂಡಿದ್ದರು. ಎಂಥ ಅಮಾಯಕರು! ಇವತ್ತಾಗಿದ್ದರೆ ಆ ಪದಕ್ಕೇ ಗ್ರಾಂಟ್ ಕೈತಪ್ಪುತ್ತಿತ್ತು.

ಇವತ್ತಿನ ರೀತಿ ಹೇಗೆಂದು ತೋರಿಸಲು ಒಂದು ಪೈಲಟ್ ಅಧ್ಯಯನವನ್ನು ನಾನೇ ಹೆಣೆದಿದ್ದೇನೆ. ಊರು, ಗೈಡು, ಶಿಷ್ಯೆ, ಅಂಕಿ ಎಲ್ಲವೂ ಕಲ್ಪಿತ. ರೋಗ ಮಾತ್ರ ನಿಜ. ಹುಣಸೂರು ಕಡೆಯ ಒಂದು ಊರು. ಮೂವತ್ತು ಹೆಂಗಸರನ್ನು ಕೇಳಿದರು, 24 ಮಂದಿ ಒಪ್ಪಿದರು. ಚೀಟಿ ಎತ್ತಿ 12 ಮಂದಿಗೆ ರಬ್ಬರ್ ಗ್ಲೌಸ್ ಕೊಟ್ಟರು, ಉಳಿದ 12 ಮಂದಿಗೆ ಪ್ರಯೋಗ ಮುಗಿದ ಮೇಲೆ ಕೊಡುವುದೆಂದು ಮಾತಾಯಿತು. ಒಂದು ಮಳೆಯ ದಿನ ಸೊಪ್ಪು ಕಿತ್ತರು. ಸಂಜೆ ಲೆಕ್ಕ ಹಾಕಿದರೆ ಗ್ಲೌಸ್ ಪಡೆದವರಲ್ಲಿ 3 ಮಂದಿಗೆ, ಪಡೆಯದವರಲ್ಲಿ 6 ಮಂದಿಗೆ ವಾಕರಿಕೆಯೋ ತಲೆಸುತ್ತೋ ಬಂದಿತ್ತು.

ರಾತ್ರಿಯೇ ಪ್ಯಾರಾ ಸಿದ್ಧವಾಯಿತು:

“ಗ್ಲೌಸ್ ಬಳಕೆಯಿಂದ ಹಸಿ ಹೊಗೆಸೊಪ್ಪಿನ ಕಾಯಿಲೆ ಶೇ. 50ರಷ್ಟು ಕಡಿಮೆಯಾಗುತ್ತದೆಂದು ನಮ್ಮ ಪೈಲಟ್ ಅಧ್ಯಯನ ಸಾಬೀತುಪಡಿಸಿದೆ. ಕಾರ್ಮಿಕ ಮಹಿಳೆಯರು ಗ್ಲೌಸನ್ನು ಉತ್ಸಾಹದಿಂದ ಸ್ವೀಕರಿಸಿದ್ದಾರೆ. ಈ ಕ್ರಾಂತಿಕಾರಿ ಫಲಿತಾಂಶವನ್ನು ನಾಲ್ಕೂ ತಾಲ್ಲೂಕುಗಳಲ್ಲಿ ದೃಢಪಡಿಸಲು ದೊಡ್ಡ ಪ್ರಯೋಗ ಅತ್ಯಗತ್ಯ.”

ಸಾಬೀತಾದ ಮೇಲೆ ದೃಢಪಡಿಸುವುದೇನು? ನಿಜವಾಗಿ ಸಾಬೀತಾಗಿದ್ದರೆ ಪ್ರಯೋಗದ ದುಡ್ಡಿನಲ್ಲಿ ಗ್ಲೌಸ್ ಕೊಂಡು ಹಂಚಿದರೆ ಕೆಲಸ ಮುಗಿಯಿತು. ತನ್ನ ಮೊದಲ ವಾಕ್ಯದಿಂದಲೇ ಮೂರನೇ ವಾಕ್ಯದ ಕುತ್ತಿಗೆ ಹಿಸುಕುವ ಇಂಥ ಪ್ಯಾರಾಗಳಿಗೆ ಪ್ರತಿ ವರ್ಷ ಅನುದಾನ ಸಿಗುತ್ತದೆ ಎಂಬುದೇ ನನಗೆ ಕ್ರಾಂತಿಕಾರಿಯಾಗಿ ಕಾಣುತ್ತದೆ.

ಈಗ ಆ ಐವತ್ತನ್ನೇ ಹಿಡಿದು ನೋಡೋಣ. ಹನ್ನೆರಡರಲ್ಲಿ ಮೂರು, ಹನ್ನೆರಡರಲ್ಲಿ ಆರು: ಅರ್ಧಕ್ಕೆ ಇಳಿದದ್ದು ಹೌದು. ಆದರೆ ಗ್ಲೌಸಿನಿಂದ ನಯಾಪೈಸೆ ಉಪಯೋಗವಿಲ್ಲ ಎಂದೇ ಇಟ್ಟುಕೊಳ್ಳಿ. ಕಾಯಿಲೆ ಬಿದ್ದ ಒಂಬತ್ತು ಮಂದಿ ಬರೀ ಚೀಟಿಯ ಅದೃಷ್ಟದಿಂದ ಎರಡು ಗುಂಪಿಗೆ ಹಂಚಿಹೋದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ, ಆ ಕಡೆಗೋ ಈ ಕಡೆಗೋ, ಐದು ಸಲಕ್ಕೆ ಎರಡು ಸಲ ಬರುತ್ತದೆ. ಶೇ. 95ರ ವಿಶ್ವಾಸ ವ್ಯಾಪ್ತಿ ಹಾಕಿದರೆ ಅಪಾಯದ ಅನುಪಾತ 0.16ರಿಂದ 1.55ರವರೆಗೆ ಚಾಚಿಕೊಳ್ಳುತ್ತದೆ. ಎಂದರೆ, ಗ್ಲೌಸ್ ಕಾಯಿಲೆಯನ್ನು ಶೇ. 84ರಷ್ಟು ತಗ್ಗಿಸಲೂಬಹುದು, ಶೇ. 55ರಷ್ಟು ಏರಿಸಲೂಬಹುದು. ಏರಿಸುವುದು ಹೇಗೆ ಎನ್ನುತ್ತೀರಾ? ಗ್ಲೌಸಿನೊಳಕ್ಕೆ ನೀರಿಳಿದರೆ ನಿಕೋಟಿನ್ ನೀರು ದಿನವಿಡೀ ಬೆವೆತ ಕೈಗೆ ಅಂಟಿಕೊಂಡೇ ಇರುತ್ತದೆ. ಅದನ್ನೂ ತಳ್ಳಿಹಾಕುವಂತಿಲ್ಲ.

ಶಿಷ್ಯೆ ಪ್ರಾಮಾಣಿಕಳು. ಇದನ್ನೆಲ್ಲ ಲೆಕ್ಕ ಹಾಕಿ ಹೆದರಿ ಎರಡನೇ ಪ್ಯಾರಾ ಬರೆದಳು. “ಗ್ಲೌಸ್ ಬಹುಶಃ ಕೆಲವರಲ್ಲಿ ಒಂದಿಷ್ಟು ಪರಿಣಾಮ ಬೀರುವ ಸಾಧ್ಯತೆಯನ್ನು ಸೂಚಿಸಿರಬಹುದೇನೋ ಎಂದು ಅನ್ನಿಸುವ ಹಾಗಿದೆ.” ಗೈಡ್ ಓದಿ ಕನ್ನಡಕ ತೆಗೆದರು.

“ಏನಮ್ಮಾ, ಇದು ಪ್ರಪೋಸಲ್ಲೋ ಕ್ಷಮಾಪಣೆ ಪತ್ರವೋ?”

“ಸರ್, ಬರೀ 24 ಜನ.”

“ಅದಕ್ಕೇ ಶೇಕಡಾದಲ್ಲಿ ಬರಿ ಅಂದಿದ್ದು. ಶೇಕಡಾ ಹಾಕಿದರೆ ಯಾರಿಗೂ ತಲೆ ಎಣಿಸೋಕಾಗಲ್ಲ.”

ಇಬ್ಬರೂ ತಪ್ಪು ಜಾಗದಲ್ಲಿ ಜಗಳ ಆಡುತ್ತಿದ್ದಾರೆ. ಕಾಯಿಲೆ ಎಷ್ಟು ತಗ್ಗಿತು ಎಂದು ಹೇಳಲು ಪೈಲಟ್ ಹುಟ್ಟಿದ್ದಲ್ಲ. ದೊಡ್ಡ ಪ್ರಯೋಗವನ್ನು ನಡೆಸಲು ಆಗುತ್ತದೆಯೇ, ಆಗುವುದಾದರೆ ಏನನ್ನು ಬದಲಿಸಬೇಕು ಎಂದು ಹೇಳಲು ಹುಟ್ಟಿದ್ದು. ಇಂಥ ವರದಿಗಳಿಗೆಂದೇ ಕನ್ಸಾರ್ಟ್ ಮಾರ್ಗಸೂಚಿಯ ವಿಸ್ತರಣೆ 2016ರಲ್ಲಿ ಬಂತು. ಪೈಲಟ್‌ನಿಂದ ಪರಿಣಾಮವನ್ನು ಸಾಬೀತು ಮಾಡಲು ಹೊರಡಬೇಡಿ ಎಂಬುದು ಅದರ ಸಾರ. ಹಾಗಾಗಿ ಪ್ಯಾರಾದಲ್ಲಿ ಹೊಳೆಯಬೇಕಾದ ಅಂಕಿಗಳು ಶಿಷ್ಯೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬಿದ್ದಿವೆ.

ಅಲ್ಲಿ ಏನಿದೆ? ಗ್ಲೌಸ್ ಪಡೆದ 12 ಮಂದಿಯಲ್ಲಿ ಸಂಜೆವರೆಗೆ ಹಾಕಿಕೊಂಡಿದ್ದವರು 7 ಮಂದಿ. ಉಳಿದ ಐವರು ಹೊತ್ತೇರುವ ಮುಂಚೆಯೇ ಕಳಚಿ ಬದುವಿನ ಮೇಲೆ ಇಟ್ಟರು. ಒಬ್ಬಾಕೆ ಕಾರಣವನ್ನೂ ಹೇಳಿದ್ದಳು: “ಇದ ಹಾಕ್ಕಂಡ್ರೆ ಎಲೆ ಕೈಗೇ ಸಿಕ್ಕಾಕಿಲ್ಲ ಕನವ್ವ, ಒಳಗೆಲ್ಲ ಬೆವ್ರು.” ಬದುವಿನ ಮೇಲಿದ್ದ ಆ ಗ್ಲೌಸನ್ನು ಎರಡನೇ ಗುಂಪಿನ ಇಬ್ಬರು ಎತ್ತಿ ಹಾಕಿಕೊಂಡರು, ಒಂದೇ ಸಾಲಿನಲ್ಲಿ ಕೀಳುವ ಓರಗಿತ್ತಿಯರಿಗೆ ನಿನ್ನದು ನನ್ನದು ಎಂಬ ಭೇದವಿಲ್ಲ. ಮೂತ್ರದ ಮಾದರಿ ಬೆಳಿಗ್ಗೆ ಒಂದು, ಮರುದಿನ ಒಂದು, ಒಟ್ಟು 48 ಬೇಕಿತ್ತು; 43 ಸಿಕ್ಕವು. ನಿಕೋಟಿನ್ ಮೈಯೊಳಗೆ ಒಡೆದು ಕೋಟಿನಿನ್ ಆಗುತ್ತದೆ, ಅದು ಮೂತ್ರದಲ್ಲಿ ಕಾಣುತ್ತದೆ. ಪಿತ್ತವೋ ಬಿಸಿಲೋ ಸೊಪ್ಪಿನ ವಿಷವೋ ಎಂಬ ಗುಮಾನಿಯನ್ನು ಕಡಿಮೆ ಮಾಡುವ ಸಾಕ್ಷಿ ಅದೇ. ಆದರೆ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಜಗಿಯುವವರಲ್ಲಿ ಕೋಟಿನಿನ್ ಮೊದಲೇ ಏರಿರುತ್ತದೆ. ಯಾರು ಜಗಿಯುತ್ತಾರೆ ಎಂದು ಕೇಳುವುದನ್ನೇ ಮರೆತಿದ್ದರು.

ಗೈಡ್ ಸಾಹೇಬರ ಭಾಷೆಯಲ್ಲಿ ಇದರ ಹೆಸರು “ಉತ್ಸಾಹದಿಂದ ಸ್ವೀಕರಿಸಿದ್ದಾರೆ”. ಹಾಗೆ ನೋಡಿದರೆ ಸುಳ್ಳಲ್ಲ, ಕೊಡದವರೂ ಎತ್ತಿ ಹಾಕಿಕೊಂಡಿದ್ದಾರಲ್ಲ!

ನನ್ನ ಮಟ್ಟಿಗೆ ಇಡೀ ಅಧ್ಯಯನದ ಚಿನ್ನ ಇರುವುದು ಆ ಐದು ಜೊತೆ ಕಳಚಿದ ಗ್ಲೌಸಿನಲ್ಲಿ. ಅವನ್ನು ಮುಚ್ಚಿಟ್ಟು ಅದೇ ದಪ್ಪ ರಬ್ಬರನ್ನು ನಾಲ್ಕು ತಾಲ್ಲೂಕಿಗೆ ಹೊತ್ತರೆ ಅಷ್ಟೂ ತಾಲ್ಲೂಕಿನ ಬದುಗಳ ಮೇಲೆ ಗ್ಲೌಸ್ ಒಣಗುತ್ತದೆ. ಕೊನೆಗೆ “ಗ್ಲೌಸಿನಿಂದ ಪ್ರಯೋಜನವಿಲ್ಲ” ಎಂಬ ವರದಿ ಬರುತ್ತದೆ, ಹಾಕಿಕೊಂಡವರೇ ಇಲ್ಲದ ಗ್ಲೌಸಿನ ಬಗ್ಗೆ.

ಬಡಾಯಿಗೆ ಇನ್ನೊಂದು ದಂಡವಿದೆ, ಅದನ್ನು ಗೈಡ್ ಸಾಹೇಬರು ಲೆಕ್ಕಕ್ಕೆ ಹಿಡಿದಿಲ್ಲ. ಶೇ. 50 ಇದ್ದದ್ದು 25ಕ್ಕೆ ಇಳಿಯುತ್ತದೆ ಎಂದು ನಂಬಿ ದೊಡ್ಡ ಪ್ರಯೋಗದ ಗಾತ್ರ ಗೊತ್ತುಮಾಡಿದರೆ, ರೂಢಿಯ ಶೇ. 80ರ ಸಾಮರ್ಥ್ಯಕ್ಕೆ ಗುಂಪಿಗೆ ಸುಮಾರು 55 ಮಂದಿ ಸಾಕು. ಗ್ಲೌಸಿನ ನಿಜವಾದ ಪರಿಣಾಮ ಅಷ್ಟಿರದೆ ಶೇ. 50ರಿಂದ 30ಕ್ಕೆ ಮಾತ್ರ ಇಳಿಸುವಂತಿದ್ದರೆ? ಆಗ ಗುಂಪಿಗೆ ಸುಮಾರು 90 ಬೇಕು. 55 ಇಟ್ಟುಕೊಂಡು ಹೊರಟವರ ಕೈಗೆ ಆ ಪರಿಣಾಮ ಸಿಗದೆ ಜಾರಿಹೋಗುವ ಸಂಭವವೇ ಶೇ. 40ಕ್ಕೂ ಹೆಚ್ಚು. ಪೈಲಟ್‌ನ ಸಾಧನೆಯನ್ನು ಉಬ್ಬಿಸಿದಷ್ಟೂ ಕೇಳುವ ಪ್ರಯೋಗ ಚಿಕ್ಕದಾಗುತ್ತದೆ, ಸೋಲುವ ದಾರಿ ಹತ್ತಿರವಾಗುತ್ತದೆ. ಗಾತ್ರವನ್ನು ಗೊತ್ತುಮಾಡಬೇಕಾದದ್ದು ಮೂರು–ಆರರ ಅದೃಷ್ಟವಲ್ಲ. ಎಷ್ಟು ಇಳಿದರೆ ಗ್ಲೌಸ್ ಹಂಚುವ ಖರ್ಚು ಸಾರ್ಥಕ ಎಂದು ಬೆಳೆಗಾರರು, ಕೂಲಿಯವರು, ಆಸ್ಪತ್ರೆಯವರು ಕೂತು ಒಪ್ಪುವ ಅಂಕಿ.

ಅದರ ಮೇಲೆ ಓರಗಿತ್ತಿಯರ ಗ್ಲೌಸ್ ಸಮಸ್ಯೆ. ಒಂದೇ ತಂಡದೊಳಗೆ ಚೀಟಿ ಎತ್ತಿದರೆ ಗ್ಲೌಸ್ ಕೈ ಬದಲಾಗುತ್ತದೆ. ಆದ್ದರಿಂದ ತಂಡಕ್ಕೆ ತಂಡವನ್ನೇ ಚೀಟಿಗೆ ಹಾಕಬೇಕು. ಎಂಟು ಮಂದಿಯ ಒಂದು ತಂಡದವರು ಒಂದೇ ಹೊಲದಲ್ಲಿ ಒಂದೇ ಮಳೆಯಲ್ಲಿ ನೆನೆಯುವುದರಿಂದ ಅವರ ಕಾಯಿಲೆಯೂ ಒಂದರಂತೆ ಒಂದು ಇರುತ್ತದೆ; ಎಂಟು ಮಂದಿ ಎಂಟು ಸಾಕ್ಷಿಯಾಗುವುದಿಲ್ಲ. ಆ ಹೋಲಿಕೆ 0.05ರಷ್ಟಿದೆ ಎಂದು ಇಟ್ಟುಕೊಂಡರೆ ಸಂಖ್ಯೆಯನ್ನು 1.35ರಿಂದ ಗುಣಿಸಬೇಕು: 90 ಹೋಗಿ 122. ಹತ್ತರಲ್ಲೊಬ್ಬರು ನಡುವೆ ಬಿಟ್ಟುಹೋದರೂ ಸಾಲಬೇಕೆಂದರೆ 136, ಎಂದರೆ ಗುಂಪಿಗೆ 17 ತಂಡ.

ಈಗ ಪ್ಯಾರಾವನ್ನು ತಿದ್ದೋಣ:

“ಒಂದು ಊರಿನ 24 ಮಹಿಳೆಯರಲ್ಲಿ ಒಂದು ಮಳೆಯ ದಿನ, ಗ್ಲೌಸ್ ಕೊಟ್ಟ 12 ಮಂದಿಯಲ್ಲಿ 3 ಮತ್ತು ಕೊಡದ 12 ಮಂದಿಯಲ್ಲಿ 6 ಮಂದಿಗೆ ವಾಕರಿಕೆ ಅಥವಾ ತಲೆಸುತ್ತು ಬಂತು (ಅನುಪಾತ 0.5, ಶೇ. 95ರ ವಿಶ್ವಾಸ ವ್ಯಾಪ್ತಿ 0.16–1.55). ಈ ಅಂಕಿಗಳು ದೊಡ್ಡ ಲಾಭವನ್ನೂ ಹಾನಿಯನ್ನೂ ತಳ್ಳಿಹಾಕುವುದಿಲ್ಲ. ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಕೇಳಿದ 30 ಮಂದಿಯಲ್ಲಿ 24 ಮಂದಿ ಒಪ್ಪಿದರು, 48 ಮೂತ್ರ ಮಾದರಿಗಳಲ್ಲಿ 43 ದೊರೆತವು; ಇಂಥ ಪ್ರಯೋಗವನ್ನು ನಡೆಸಲು ಸಾಧ್ಯ. ಆದರೆ 12ರಲ್ಲಿ 5 ಮಂದಿ ಗ್ಲೌಸ್ ಕಳಚಿದರು, ಕೊಡದವರಲ್ಲಿ ಇಬ್ಬರು ಅವನ್ನು ಎತ್ತಿ ಹಾಕಿಕೊಂಡರು. ಆದ್ದರಿಂದ ತೆಳುವಾದ, ಬೆರಳಿಗೆ ಎಲೆ ತಿಳಿಯುವ ಗ್ಲೌಸನ್ನು ಮೊದಲು ಆರಿಸಿಕೊಂಡು, ತಂಡಗಳನ್ನೇ ಚೀಟಿಯಿಂದ ಹಂಚಿ, ಜಗಿಯುವ ಅಭ್ಯಾಸವನ್ನು ದಾಖಲಿಸಿ, ಗುಂಪಿಗೆ 17 ತಂಡಗಳ ಪ್ರಯೋಗವನ್ನು ಕೋರುತ್ತಿದ್ದೇವೆ. ಶೇ. 50ರಿಂದ 30ಕ್ಕೆ ಇಳಿಕೆಯನ್ನು ಗುರುತಿಸಲು ಈ ಗಾತ್ರ ಬೇಕು.”

ಇದರಲ್ಲಿ ಕ್ರಾಂತಿ ಇಲ್ಲ, ಉತ್ಸಾಹ ಇಲ್ಲ, ಬಹುಶಃ ಇರಬಹುದೇನೋ ಕೂಡ ಇಲ್ಲ. ಕೇಳಿದ ದುಡ್ಡಿನ ಪ್ರತಿ ರೂಪಾಯಿಗೂ ಪೈಲಟ್‌ನಿಂದ ಎತ್ತಿಕೊಂಡ ಒಂದು ಕಾರಣವಿದೆ. ಗೈಡ್ ಸಾಹೇಬರು ಇದನ್ನು ಓದಿ “ಇಷ್ಟೊಂದು ನಿಜ ಹೇಳಿದರೆ ಕಮಿಟಿಯವರು ಗಾಬರಿಯಾಗುತ್ತಾರೆ” ಎಂದರು. ಅವರ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. ಕಮಿಟಿಯವರೂ ಬಡಾಯಿಗೆ ಬೆಲೆ ಕಟ್ಟಿ ಕಟ್ಟಿಯೇ ಮಾರುಕಟ್ಟೆಯನ್ನು ಈ ಮಟ್ಟಕ್ಕೆ ತಂದಿದ್ದಾರೆ. ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಾದರೂ ಬೇಲ್ ಬಿಚ್ಚಿ ಒಳಗಿನ ಎಲೆ ನೋಡುತ್ತಾರೆ.

ಆದ್ದರಿಂದ ಕಮಿಟಿಯಲ್ಲಿ ಕೂತ ಮಹನೀಯರಲ್ಲಿ ಒಂದು ಅರಿಕೆ. ಪೈಲಟ್‌ನ ಪ್ಯಾರಾದಲ್ಲಿ ಶೇಕಡಾ ಕಂಡರೆ ಕೆಳಗೆ ಎಷ್ಟು ತಲೆ ಇವೆ ಎಂದು ಕೇಳಿ. ಎಷ್ಟು ಮಂದಿ ಗ್ಲೌಸ್ ಕಳಚಿದರು, ಯಾಕೆ ಕಳಚಿದರು ಎಂದು ಬರೆದಿಲ್ಲದಿದ್ದರೆ ಕಾಗದವನ್ನು ವಾಪಸ್ ಕಳಿಸಿ.