ಪಟ್ಟದ ಗೊಂಬೆಯ ಪ್ರಯಾಣಭತ್ಯೆ

ಕೊರಿಯರ್ ಕಂಪನಿಗೆ ಪರಿಹಾರ ಕೇಳಿ ಈಮೇಲ್ ಬರೆಯಲು ಕೂತರೆ ಕೈಗೆ ಮೊದಲು ಬರುವುದು ಹಿಡಿಶಾಪ. "ನಿಮ್ಮ ಮನೆಯಲ್ಲಿ ಏಳು ತಲೆಮಾರು ಯಾರೂ ಗೊಂಬೆ ಕೂರಿಸದಂತಾಗಲಿ" ಎಂದು ಶುರುಮಾಡಿದ್ದೆ. ಮಗಳು ಇಣುಕಿ ನೋಡಿ, "ಅಪ್ಪಾ, ಶಾಪ ಚೆನ್ನಾಗಿದೆ, ಡಾಕೆಟ್ ನಂಬರ್ ಎಲ್ಲಿ?" ಎಂದಳು.

ಮೈಸೂರಿನಲ್ಲಿ ನನ್ನದು ದಸರಾ ಗೊಂಬೆಗಳ ಅಂಗಡಿ. ಮದುವೆಯಾದ ಮಗಳಿಗೆ ತವರಿನಿಂದ ಪಟ್ಟದ ಗೊಂಬೆ, ಅಂದರೆ ರಾಜ ರಾಣಿಯರ ಜೋಡಿ, ಕೊಡುವುದು ನಮ್ಮ ಕಡೆಯ ವಾಡಿಕೆ. ಇಲ್ಲಿನವರೊಬ್ಬರು ಹುಬ್ಬಳ್ಳಿಯ ಮಗಳಿಗೆಂದು ಒಂದು ಜೋಡಿ ಕೊಂಡರು. ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಮೊದಲೇ ಬುಕ್ ಮಾಡಿದೆ. ಕೌಂಟರಿನ ಹುಡುಗ "ಎರಡೇ ದಿನ ಸಾರ್" ಎಂದ. ಪಾಡ್ಯಕ್ಕೆ ಪಟ್ಟವೇರಬೇಕಿದ್ದ ರಾಜರು ಬೆಂಗಳೂರಿನ ಗೋದಾಮಿನಲ್ಲಿ ಬಿಡಾರ ಹೂಡಿದರು. ಷಷ್ಠಿಯ ದಿನ 'ಮನೆಯಲ್ಲಿ ಯಾರೂ ಇರಲಿಲ್ಲ' ಎಂಬ ಷರಾ ಬಂತು. ಆ ಮನೆಯಲ್ಲಿ ಅವತ್ತು ಅರಿಶಿನ ಕುಂಕುಮಕ್ಕೆ ಬಂದವರ ಚಪ್ಪಲಿ ಗೇಟಿನಾಚೆಗೂ ಇದ್ದವಂತೆ! ಪಾರ್ಸೆಲ್ ತಲುಪಿದ್ದು ವಿಜಯದಶಮಿಯ ಸಂಜೆ, ಗೊಂಬೆ ಮಲಗಿಸುವ ಹೊತ್ತಿಗೆ. ಅವರು ತೆಗೆದುಕೊಳ್ಳಲಿಲ್ಲ. ರಾಜದಂಪತಿ ವಾಪಸ್ಸು ಬಂದರು, ಜೊತೆಗೆ ವಾಪಸಾತಿ ಬಾಡಿಗೆಯ ಬಿಲ್ಲೂ ಬಂತು. ಶಿವಮೊಗ್ಗದ ಆನೆ ಅಂಬಾರಿ, ಬೆಂಗಳೂರಿನ ಶೆಟ್ಟಿ ಶೆಟ್ಟಮ್ಮನ ಜೋಡಿಯದೂ ಅದೇ ವಾರ ಅದೇ ಗತಿ.

ಫೋನಿನಲ್ಲಿ ಕಂಪನಿಯವರು ಹೇಳಿದ್ದು: ಗೊಂಬೆಗೆ ಒಂದು ಗೀರೂ ಬಿದ್ದಿಲ್ಲ, ಹಾಗಾಗಿ ನಷ್ಟವಿಲ್ಲ. ರಶೀದಿಯ ಬೆನ್ನಿಗೆ ಇರುವೆ ಸಾಲಿನಂತಿದ್ದ ಅಕ್ಷರಗಳೂ ಅದನ್ನೇ ಹೇಳುತ್ತಿದ್ದವು: ತಡವಾದರೆ ವ್ಯಾಪಾರದ ನಷ್ಟಕ್ಕೆ ನಾವು ಹೊಣೆಯಲ್ಲ. ಕೆಳಗೆ ನನ್ನದೇ ಸಹಿ. ಇಂಥ ಷರತ್ತಿಗೆ ಸಹಿ ಹಾಕಿದವನು ಬದ್ಧನೆಂದು ಸುಪ್ರೀಂ ಕೋರ್ಟೇ 1996ರಲ್ಲಿ ಒಂದು ಕೊರಿಯರ್ ಮೊಕದ್ದಮೆಯಲ್ಲಿ ಹೇಳಿದೆಯೆಂದು ವಕೀಲ ಮಿತ್ರರು ತಣ್ಣೀರೆರಚಿದರು. "ಕೈತಪ್ಪಿದ ಲಾಭ ಕೇಳಿದರೆ ಷರತ್ತು ತೋರಿಸುತ್ತಾರೆ. ಮಾಡದ ಕೆಲಸಕ್ಕೆ ತೆಗೆದುಕೊಂಡ ಬಾಡಿಗೆ ಕೇಳಿ, ಸುಳ್ಳು ಷರಾ ಹಿಡಿಯಿರಿ" ಎಂದರು.

ಶಾಪ ಅಳಿಸಿ ಹೊಸದಾಗಿ ಬರೆದೆ. ಮೂರೂ ಪಾರ್ಸೆಲ್ಲಿನ ಡಾಕೆಟ್ ನಂಬರ್, ಬುಕ್ ಮಾಡಿದ ದಿನ, ಮಾತು ಕೊಟ್ಟ ದಿನ, ಮುಟ್ಟಿದ ದಿನ. ಹುಬ್ಬಳ್ಳಿಯದಕ್ಕೆ ಹೋಗುವ ಬಾಡಿಗೆ 260, ಬರುವ ಬಾಡಿಗೆ 260, ಒಟ್ಟು 520 ರೂಪಾಯಿ. ಷಷ್ಠಿಯ ದಿನ ಡೆಲಿವರಿ ಹುಡುಗ ಗಿರಾಕಿಗೆ ಮಾಡಿದ ಕರೆಯ ದಾಖಲೆ ತೋರಿಸಿ ಎಂದೂ ಕೇಳಿದೆ. ಕರೆಯನ್ನೇ ಮಾಡದವರ ಬಳಿ ದಾಖಲೆ ಎಲ್ಲಿಂದ ಬರಬೇಕು? ರಾಜರ ಮಾನಹಾನಿಯ ಬಾಬ್ತು ಒಂದು ಸಾಲು ಸೇರಿಸಿದ್ದೆ, ಮಗಳು ಹೊಡೆದುಹಾಕಿದಳು.

ಷಷ್ಠಿಯ ಕರೆಯ ಸುದ್ದಿಯನ್ನೇ ಎತ್ತದೆ ಉತ್ತರ ಬಂತು. 520 ರೂಪಾಯಿ ಒಪ್ಪಿದ್ದಾರೆ, ಆದರೆ ನಗದಲ್ಲ; ಮುಂದಿನ ಬುಕಿಂಗಿನಲ್ಲಿ ಮುರಿದುಕೊಳ್ಳುತ್ತಾರಂತೆ. ಕೊನೆಯಲ್ಲಿ ಸಣ್ಣಕ್ಷರದಲ್ಲಿ: 'ಹಬ್ಬದ ದಿನಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ.' ಹಬ್ಬವಿಲ್ಲದ ದಿನ ಗೊಂಬೆ ಕೊಳ್ಳುವವರ ವಿಳಾಸವಿದ್ದರೆ ದಯಮಾಡಿ ಕಳಿಸಿಕೊಡಿ ಎಂದು ಬರೆದು, ಕೆಳಗೆ ಬ್ಯಾಂಕ್ ಖಾತೆಯ ನಂಬರ್ ಹಾಕಿ ಕಳಿಸಿದ್ದೇನೆ.