ಜೂನ್ ಒಂದರಂದು ಹುಟ್ಟಿದವರು

ನಮ್ಮ ಸಂಸ್ಥೆಯಲ್ಲಿ ‘ಚಂದದ ಕನ್ನಡ ಬರೆಯುವವನು’ ಎಂಬ ಅಪವಾದ ನನ್ನ ಮೇಲಿದೆ. ನಿವೃತ್ತರ ಬೀಳ್ಕೊಡುಗೆ ಪತ್ರ, ಆಯುಧಪೂಜೆಯ ಕರೆಯೋಲೆ, ಶೌಚಾಲಯದ ಬಾಗಿಲಿನ ‘ದಯವಿಟ್ಟು ನೀರು ಹಾಕಿ’ ಎಲ್ಲ ನನ್ನವೇ ಕೃತಿಗಳು. ಹಾಗಾಗಿ ಉಡುಪಿ, ಮಣಿಪಾಲ, ಕಾಪು, ಕಾರ್ಕಳ ನಾಲ್ಕೂ ಶಾಖೆಗಳಿಗೆ ಹೊಸ ಎಚ್‌ಆರ್ ಸಾಫ್ಟ್‌ವೇರ್ ಬರುತ್ತದೆ ಎಂದಾಗ ಅದರ ಪರಿಚಯದ ಸಂದೇಶ ಬರೆಯುವ ಕೆಲಸ ನನ್ನ ತಲೆಗೇ ಬಿತ್ತು. 143 ಮಂದಿಯ ವಿವರವನ್ನು ಅದರೊಳಗೆ ತುಂಬುವ ಕೆಲಸವೂ ಅದರ ಹಿಂದೆಯೇ ಬಂತು.

ಸಂದೇಶದ ಮೊದಲ ವಾಕ್ಯಕ್ಕೆ ಎರಡು ದಿನ ಹಿಡಿಯಿತು. ‘ಕಾಗದದ ಯುಗಕ್ಕೆ ಮಂಗಳ ಹಾಡುವ ಹೊತ್ತು ಬಂದಿದೆ’ ಎಂದು ಬರೆದು, ಹತ್ತು ಸಲ ಓದಿ, ಮನೆಯಲ್ಲೂ ಓದಿ ಹೇಳಿದೆ. ಲಾಗಿನ್ ಆಗುವುದು ಹೇಗೆ ಎಂಬುದಕ್ಕೆ ಉಳಿದದ್ದು ಎರಡು ನಿಮಿಷ. ‘ಬಳಕೆದಾರರ ಹೆಸರು: ನಿಮ್ಮ ನೌಕರ ಸಂಖ್ಯೆ. ಪಾಸ್‌ವರ್ಡ್: DDMMYYYY ರೂಪದಲ್ಲಿ ನಿಮ್ಮ ಜನ್ಮದಿನಾಂಕ. ಐದು ಸಲ ತಪ್ಪಿದರೆ ಖಾತೆಗೆ ಬೀಗ.’ ಅದರ ಕೆಳಗೆ ತರಬೇತಿಯ ದಿನಗಳು: ಸೋಮವಾರ ಮಣಿಪಾಲ, ಮಂಗಳವಾರ ಉಡುಪಿ, ಬುಧವಾರ ಕಾಪು, ಗುರುವಾರ ಕಾರ್ಕಳ. ಕೊನೆಯಲ್ಲಿ ಸಹಾಯಕ್ಕೆ ನನ್ನದೇ ಮೊಬೈಲ್ ನಂಬರು. ಇಡೀ ಸಂಸ್ಥೆ ನನ್ನ ಸಲಹೆ ಕೇಳುವುದನ್ನು ಕಲ್ಪಿಸಿಕೊಂಡು ಒಳಗೊಳಗೇ ಹಿಗ್ಗಿದೆ.

ಪರೀಕ್ಷೆ ಮಾಡದೆ ಕಳಿಸಿದೆ ಎನ್ನಬೇಡಿ. ಮಾಡಿದ್ದೆ. ನಾನು ಹುಟ್ಟಿದ್ದು ನವೆಂಬರ್ 22, ಲಾಗಿನ್ ಆಯಿತು. ಮ್ಯಾನೇಜರರದು ಜುಲೈ 19, ಅದೂ ಆಯಿತು. ‘ಪರೀಕ್ಷೆ ಸಂಪೂರ್ಣ’ ಎಂದು ಷರಾ ಬರೆದು ನಿದ್ದೆ ಮಾಡಿದೆ.

ಸೋಮವಾರ ಬೆಳಿಗ್ಗೆ, ಇನ್ನೂ ದೋಸೆ ಮಗುಚಿರಲಿಲ್ಲ, ಫೋನು ಬಂತು. ಮಣಿಪಾಲದ ಕಾವಲುಗಾರರು.

‘ಸಾರ್, DDMMYYYY ಹೊಡೆದೆ. ದೊಡ್ಡ ಅಕ್ಷರದಲ್ಲೇ ಹೊಡೆದೆ. ಆಗುವುದಿಲ್ಲ ಅಲ್ಲ?’

ನಕ್ಕೆ. ತಪ್ಪು ಅವರದಲ್ಲ, ಒಂದು ಉದಾಹರಣೆ ಕೊಡದ ನನ್ನದು ಎಂಬುದು ಆಗ ಹೊಳೆಯಲಿಲ್ಲ. ಎರಡನೆಯ ಫೋನು ಕಾರ್ಕಳ ಶಾಖೆಯ ಅಟೆಂಡರರದು.

‘ನನ್ನದು ಜೂನ್ ಒಂದು, 1968. 01061968 ಹಾಕಿದೆ ಮಾರಾಯ್ರೆ, ತಪ್ಪು ಅಂತ ಹೇಳ್ತದೆ.’

‘ಸರಿಯಾಗಿ ಒತ್ತಿ.’

ಸರಿಯಾಗಿ ಒತ್ತಿದರು, ಐದು ಸಲ. ಬೀಗ ಬಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಒಳಗೆ ಹೋಗಲಾಗದವರು 61 ಮಂದಿ. ಅವರಲ್ಲಿ ಹದಿನೇಳು ಜನ ಜೂನ್ ಒಂದರಂದು ಹುಟ್ಟಿದವರು. ಆಶ್ಚರ್ಯವೇನಿಲ್ಲ. ಹಿಂದೆ ನಮ್ಮ ಕಡೆ ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲದಿದ್ದರೆ ಮೇಷ್ಟ್ರೇ ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ಶಾಲೆ ಶುರುವಾಗುವ ದಿನ, ವಯಸ್ಸಿನ ಲೆಕ್ಕಕ್ಕೂ ಸಲೀಸು. ಸರ್ವರ್ ಡೌನ್ ಇರಬೇಕು ಎಂದು ನಾನು ಎಲ್ಲರಿಗೂ ಸಮಾಧಾನ ಹೇಳಿದೆ. ಸರ್ವರ್ ಎಲ್ಲಿದೆ ಎಂಬುದೇ ನನಗೆ ತಿಳಿಯದು. ಆದರೂ ತಪ್ಪು ಹೊರಿಸಲು ಅಷ್ಟು ದೂರದ ವಸ್ತು ಬೇರೆ ಸಿಗುವುದಿಲ್ಲ.

ಗಂಟು ಬಿಡಿಸಿದವರು ಮಣಿಪಾಲದ ಕ್ಯಾಶ್ ಕೌಂಟರಿನ ಅಕ್ಕ. ‘ಒಂದು ನೋಡಿ ಸಾರ್. ನನ್ನದು ಆಗಸ್ಟ್ 5, ಬರುವುದಿಲ್ಲ. ಪಕ್ಕದವರದು ಆಗಸ್ಟ್ 25, ಬರುತ್ತದೆ. ಆಚೆಯವರದು ಆಗಸ್ಟ್ 8, ಎಂಟನೇ ತಿಂಗಳ ಎಂಟು, ಅವರಿಗೂ ಬಂತು. ನನ್ನದನ್ನು ತಿರುವಿ ಮೇ 8 ಅಂತ ಹಾಕಿದೆ. ಬಾಗಿಲು ತೆರೆಯಿತು.’

ಹೊಸ ಲ್ಯಾಪ್‌ಟಾಪು ಪೆಟ್ಟಿಗೆಯಿಂದ ತೆಗೆದಾಗಿನ ಅಮೆರಿಕದ ಸೆಟ್ಟಿಂಗಿನಲ್ಲೇ ಇತ್ತು. ಆ ದೇಶದವರು ತಿಂಗಳನ್ನು ಮೊದಲು ಬರೆಯುತ್ತಾರೆ. ನೌಕರರ ಪಟ್ಟಿಯ csv ಫೈಲನ್ನು ನಾನು ಡಬಲ್ ಕ್ಲಿಕ್ ಮಾಡಿ ತೆರೆದಾಗ ಎಕ್ಸೆಲ್ 05/08 ಎಂಬುದನ್ನು ಮೇ 8 ಎಂದು ಓದಿಕೊಂಡಿತು. 25/08 ಕಂಡಾಗ ಇಪ್ಪತ್ತೈದನೇ ತಿಂಗಳು ಅದಕ್ಕೂ ಸಿಗಲಿಲ್ಲ. ಹಾಗಾಗಿ ಅದನ್ನು ಬರೀ ಅಕ್ಷರವೆಂದು ಬಗೆದು ಮುಟ್ಟದೆ ಬಿಟ್ಟಿತು. ಅಂದರೆ 12ನೇ ತಾರೀಕಿನೊಳಗೆ ಹುಟ್ಟಿದವರೆಲ್ಲ ತಲೆಕೆಳಗಾದರು. ತಿಂಗಳೂ ತಾರೀಕೂ ಒಂದೇ ಇದ್ದವರು ಮಾತ್ರ ಪಾರಾದರು. ವರ್ಷದ 365 ದಿನಗಳಲ್ಲಿ 132 ದಿನ ಹೀಗೆ ಕೆಡುತ್ತವೆ. ಪರೀಕ್ಷೆಗೆಂದು ನಾನು ಆರಿಸಿದ ಇಬ್ಬರೂ ಉಳಿದ ದಿನಗಳಲ್ಲಿ ಹುಟ್ಟಿದ ಪುಣ್ಯವಂತರು.

ಪರದೆ ನನಗೆ ಮೊದಲೇ ಸುಳಿವು ಕೊಟ್ಟಿತ್ತು. ಎಕ್ಸೆಲ್ ತಾನು ತಾರೀಕು ಎಂದು ಒಪ್ಪಿದ್ದನ್ನು ಕೋಶದ ಬಲಕ್ಕೆ ತಳ್ಳುತ್ತದೆ, ಅಕ್ಷರ ಎಂದು ಬಗೆದದ್ದನ್ನು ಎಡಕ್ಕೆ. ಜನ್ಮದಿನದ ಕಾಲಮ್ಮಿನಲ್ಲಿ ಕೆಲವು ಬಲಕ್ಕೂ ಕೆಲವು ಎಡಕ್ಕೂ ಹಲ್ಲುಬ್ಬಿನ ಹಾಗೆ ನಿಂತಿದ್ದವು. ನಾನು ನೋಡಿದ್ದೆ. ನೋಡಿ, ಚಂದ ಕಾಣುವುದಿಲ್ಲವೆಂದು ಎಲ್ಲವನ್ನೂ ನಡುವಿಗೆ ತಂದು ನಿಲ್ಲಿಸಿದ್ದೆ. ಇದ್ದ ಒಂದೇ ಸಾಕ್ಷಿಯನ್ನು ಅಳಿಸಿದವನು ನಾನೇ. ಅದೇ ಉಸಿರಿಗೆ 0047 ಎಂಬ ನೌಕರ ಸಂಖ್ಯೆ 47 ಆದದ್ದೂ ನನಗೆ ಅಚ್ಚುಕಟ್ಟಾಗಿಯೇ ಕಂಡಿತ್ತು.

ಪುಣ್ಯಕ್ಕೆ ಮೂಲ ಫೈಲು ಹಾಗೆಯೇ ಇತ್ತು. ಎಕ್ಸೆಲ್‌ನಲ್ಲಿ ಕೆಟ್ಟದ್ದನ್ನು ಅಲ್ಲೇ ತಿರುವಿ ಸರಿಮಾಡಲು ಹೋಗಿದ್ದರೆ ಕೆಡದವರೂ ಕೆಡುತ್ತಿದ್ದರು. ಫೈಲಿನ ಬಾಲದ .csv ಯನ್ನು .txt ಎಂದು ಬದಲಿಸಿ ಎಕ್ಸೆಲ್ ಒಳಗಿನಿಂದ ತೆರೆದರೆ Text Import Wizard ಎಂಬ ಮೂರು ಹೆಜ್ಜೆಯ ಕಿಟಕಿ ಬರುತ್ತದೆ. ಮೂರನೆಯ ಹೆಜ್ಜೆಯಲ್ಲಿ ಜನ್ಮದಿನದ ಕಾಲಮ್ಮಿಗೆ DMY, ನೌಕರ ಸಂಖ್ಯೆಯ ಕಾಲಮ್ಮಿಗೆ Text ಎಂದು ಆರಿಸಬೇಕು. ಆಗ ತಾರೀಕುಗಳೆಲ್ಲ ಒಂದೇ ಬದಿಗೆ ಸಾಲಾಗಿ ನಿಂತವು, 0047ಕ್ಕೆ ಸೊನ್ನೆಗಳು ಮರಳಿದವು. ಈ ಸಲ ಸುಮ್ಮನಿರದೆ ಜೂನ್ ಒಂದರವರೊಬ್ಬರ ಹೆಸರಿನಲ್ಲಿ ಲಾಗಿನ್ ಮಾಡಿಸಿ ನೋಡಿದೆ.

ಮಂಗಳವಾರ ಎರಡನೆಯ ಸಂದೇಶ ಹೋಯಿತು. ಕಾಗದದ ಯುಗ ಅದರಲ್ಲಿರಲಿಲ್ಲ. ‘ಸಂಬಳ ಚೀಟಿಯ ಮೇಲ್ತುದಿಯಲ್ಲಿ ನಿಮ್ಮ ನಾಲ್ಕಂಕಿಯ ನೌಕರ ಸಂಖ್ಯೆ ಇದೆ. ಮೊದಲ ಸೊನ್ನೆಗಳನ್ನೂ ಹಾಕಿ. ಪಾಸ್‌ವರ್ಡಿಗೆ ಎಂಟು ಅಂಕಿ, ನಡುವೆ ಗೆರೆ ಬೇಡ. 1980ರ ಆಗಸ್ಟ್ 5ರಂದು ಹುಟ್ಟಿದವರು 05081980 ಎಂದು ಹಾಕಬೇಕು. ನಾಲ್ಕನೆಯ ಸಲವೂ ಆಗದಿದ್ದರೆ ನಿಲ್ಲಿಸಿ, ಫೋನ್ ಮಾಡಿ.’ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಬುಧವಾರ ಪ್ರೊಜೆಕ್ಟರ್ ಹೊತ್ತುಕೊಂಡು ಕಾಪುವಿಗೆ ಹೊರಟೆ. ಬಸ್ಸಿನೊಳಗೆ ಕಾಲಿಡಲು ಜಾಗವಿಲ್ಲ. ‘ಎಂಥ ರಶ್ಶು?’ ಎಂದು ಕೇಳಿದ್ದಕ್ಕೆ ಕಂಡಕ್ಟರ್ ನನ್ನನ್ನು ಘಟ್ಟದ ಮೇಲಿನವನು ಎಂಬಂತೆ ನೋಡಿ, ‘ಸುಗ್ಗಿ ಮಾರಿಪೂಜೆ ಅಲ್ವಾ’ ಎಂದ. ಮಾರ್ಚ್ ತಿಂಗಳ ಮಂಗಳವಾರ, ಬುಧವಾರ ಕಾಪುವಿನ ಮಾರಿಗುಡಿಗಳಲ್ಲಿ ಪೂಜೆ ಎಂಬುದು ಉಡುಪಿಯಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿಲ್ಲದ್ದಲ್ಲ. ತರಬೇತಿಯ ದಿನ ಗೊತ್ತುಮಾಡುವಾಗ ನಾನು ನೋಡಿದ್ದು ಲ್ಯಾಪ್‌ಟಾಪಿನ ಕ್ಯಾಲೆಂಡರು, ಅದೂ ಅಮೆರಿಕದ್ದೇ. ಶಾಖೆಯಲ್ಲಿ ನನ್ನನ್ನು ಎದುರುಗೊಂಡದ್ದು ಮ್ಯಾನೇಜರ್ ಒಬ್ಬರೇ. ಉಳಿದವರೆಲ್ಲ ರಜೆ. ರಜೆಯ ಅರ್ಜಿಯನ್ನು ಹೊಸ ಸಾಫ್ಟ್‌ವೇರಿನಲ್ಲೇ ಹಾಕಿದ್ದರು, ಒಂದೂ ತಪ್ಪಿಲ್ಲದೆ. ‘ಕಾಪುವಿಗೆ ತರಬೇತಿ ಬೇಡ ಬಿಡಿ’ ಎಂದ ಮ್ಯಾನೇಜರು ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಕೋರಿರೊಟ್ಟಿ ಬಡಿಸಿದರು.

ಗುರುವಾರ ಕಾರ್ಕಳದಲ್ಲಿ ಆ ಅಟೆಂಡರರ ಬೀಗ ತೆಗೆದು, ಕ್ಷಮೆ ಕೇಳಿ, ಆದದ್ದನ್ನೆಲ್ಲ ವಿವರಿಸಿದೆ. ‘ನಿಮ್ಮ ಜೂನ್ ಒಂದು ಅದಕ್ಕೆ ಜನವರಿ ಆರು ಆಗಿತ್ತು’ ಎಂದೆ.

ಅವರು ಕನ್ನಡಕ ಒರೆಸಿಕೊಂಡು ಯೋಚಿಸಿದರು. ‘ಜೂನ್ ಒಂದು ಮೇಷ್ಟ್ರು ಕೊಟ್ಟದ್ದು. ಜನವರಿ ಆರು ನೀವು ಕೊಟ್ಟದ್ದು. ನಾನು ಹುಟ್ಟಿದ್ದು ಆಟಿಯ ಮಳೆಗೆ, ಕೊಟ್ಟಿಗೆಯ ಮಾಡು ಹಾರಿದ ರಾತ್ರಿ ಅಂತ ಅಮ್ಮ ಹೇಳ್ತಿದ್ರು. ಅದನ್ನು ಹಾಕಲಿಕ್ಕೆ ಇದರಲ್ಲಿ ಜಾಗ ಉಂಟಾ?’